ಮಳೆ ಬಂದಾಗ ರೇಟ್ ಯಾಕೆ ಜಿಗಿಯುತ್ತೆ, ಬೆಟ್ ಹೇಗೆ ಸೆಟಲ್ ಆಗುತ್ತೆ: ಪಾರ್ ಸ್ಕೋರ್ ಲೆಕ್ಕದ ಸಮಗ್ರ ಮಾರ್ಗದರ್ಶಿ

2022ರ ನವೆಂಬರ್ 2, ಅಡಿಲೇಡ್, ಟಿ20 ವರ್ಲ್ಡ್ ಕಪ್. ಇಂಡಿಯಾ 184 ಹೊಡೆದಿತ್ತು, ಬಾಂಗ್ಲಾದೇಶ 7 ಓವರ್‌ಗೆ ವಿಕೆಟ್ ಇಲ್ಲದೆ 66, ಲಿಟನ್ ದಾಸ್ ಎಲ್ಲರನ್ನೂ ಚಚ್ಚುತಾ ಇದ್ದ, ಅಷ್ಟರಲ್ಲಿ ಮಳೆ. ಟಿವಿಯಲ್ಲಿ ಬಂದ ಪಾರ್ ಸ್ಕೋರ್ 49. ಅಂದ್ರೆ ಬಾಂಗ್ಲಾ 17 ರನ್ ಮುಂದೆ, ಮಳೆ ನಿಲ್ಲದೇ ಹೋದ್ರೆ ಮ್ಯಾಚ್ ಅವರದ್ದೇ. ಆದ್ರೆ ಮಳೆ ನಿಂತು 16 ಓವರ್‌ಗೆ 151 ಅಂತ ಹೊಸ ಟಾರ್ಗೆಟ್ ಕೊಟ್ರು, ಕೊನೆಗೆ ಇಂಡಿಯಾ 5 ರನ್‌ಗೆ ಗೆದ್ದಿತು. ಮಳೆ ಶುರುವಾದ ಕ್ಷಣದಿಂದ ಆಟ ಮತ್ತೆ ಶುರುವಾಗೋ ತನಕ ಒಂದು ಬಾಲೂ ಬೀಳಲಿಲ್ಲ, ಒಂದು ರನ್ನೂ ಬರಲಿಲ್ಲ, ಆದ್ರೂ ಆ ಹೊತ್ತಲ್ಲಿ ಇನ್‌ಪ್ಲೇ ರೇಟ್, ಅಂದ್ರೆ ಮ್ಯಾಚ್ ನಡುವೆ ಹಾಕೋ ಬೆಟ್‌ನ ದರ, ಸುಮ್ನೆ ನಿಲ್ಲೋಕೆ ಕಾರಣವೇ ಇಲ್ಲ. ಯಾಕೆ ಅಂತ ಹಂತ ಹಂತವಾಗಿ ಹೇಳ್ತೀನಿ, ಇದೇ ಮ್ಯಾಚ್ ಇಟ್ಕೊಂಡು.

ಮೊದಲೇ ಒಂದು ಮಾತು. ನಾನಿರೋದು ಇಂಗ್ಲೆಂಡಲ್ಲಿ, ಇಲ್ಲಿ 18 ದಾಟಿದೋರು ಲೈಸೆನ್ಸ್ ಇರೋ ಕಡೆ ಬೆಟ್ ಮಾಡೋದು ಕಾನೂನುಬದ್ಧ. ಇಂಡಿಯಾದಲ್ಲಿ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟ್ ಪಾಸ್ ಮಾಡಿದ ಕಾಯ್ದೆ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೇ ನಿಷೇಧ ಮಾಡಿದೆ, ಹಾಗಾಗಿ ಬೆಂಗಳೂರು ಮೈಸೂರಲ್ಲಿ ಕೂತು ಓದ್ತಾ ಇರೋರು ಇದನ್ನ ಲೆಕ್ಕ ಅರ್ಥ ಮಾಡ್ಕೊಳ್ಳೋಕೆ ಓದಿ, ಬೆಟ್ ಹಾಕೋಕೆ ಅಲ್ಲ.

ಮೊದಲ ಹೆಜ್ಜೆ: ಗೆರೆ ದಾಟಿದೆಯಾ ಇಲ್ವಾ ನೋಡಿ

ಮಳೆ ಹನಿ ಬಿದ್ದ ತಕ್ಷಣ ಎಲ್ಲರೂ ಪಾರ್ ಸ್ಕೋರ್ ನೋಡೋಕೆ ಓಡ್ತಾರೆ. ಅದಕ್ಕಿಂತ ಮುಂಚೆ ನೋಡಬೇಕಾದ್ದು ಓವರ್ ನಂಬರ್. ಟಿ20ಯಲ್ಲಿ ಸಾಮಾನ್ಯವಾಗಿ ಎರಡನೇ ಇನಿಂಗ್ಸ್ ಕನಿಷ್ಠ 5 ಓವರ್, ಒನ್‌ಡೇಯಲ್ಲಿ ಕನಿಷ್ಠ 20 ಓವರ್ ಆಗಿರಲೇಬೇಕು, ಆಗ ಮಾತ್ರ ಪಾರ್ ನೋಡಿ ವಿನ್ನರ್ ಯಾರು ಅಂತ ಹೇಳೋಕಾಗೋದು. ಅದಕ್ಕಿಂತ ಮುಂಚೆ ಮಳೆಗೆ ಮ್ಯಾಚ್ ನಿಂತು ಹೋದ್ರೆ ನೋ ರಿಸಲ್ಟ್, ಅಷ್ಟೇ. (ಅದರೊಳಗೆ ಆಲ್‌ಔಟ್ ಆದ್ರೆ ಅಥವಾ ಟಾರ್ಗೆಟ್ ಹೊಡೆದು ಮುಗಿಸಿದ್ರೆ ಮಾತು ಬೇರೆ.)

2019ರ ಏಪ್ರಿಲ್ 30 ನಮ್ಮ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ-ರಾಜಸ್ಥಾನ ಮ್ಯಾಚ್ ನೆನಪಿದೆಯಲ್ವಾ? ಮಳೆಯಿಂದ 5 ಓವರ್ ಮ್ಯಾಚ್ ಆಯ್ತು. ನಮ್ಮ ಶ್ರೇಯಸ್ ಗೋಪಾಲ್ ಎದುರು ಟೀಮಲ್ಲಿದ್ದು ಕೊಹ್ಲಿ, ಡಿವಿಲಿಯರ್ಸ್, ಸ್ಟೊಯಿನಿಸ್ ಮೂವರನ್ನೂ ಹ್ಯಾಟ್ರಿಕ್‌ನಲ್ಲಿ ತೆಗೆದ. ಆರ್‌ಸಿಬಿ 62, ರಾಜಸ್ಥಾನ 3.2 ಓವರ್‌ಗೆ 41/1, ಮತ್ತೆ ಮಳೆ, ಮ್ಯಾಚ್ ಅಲ್ಲಿಗೇ ಮುಗೀತು. ಇನ್ನು 10 ಬಾಲ್‌ಗೆ 22 ಬೇಕಿತ್ತು, ಒಂಬತ್ತು ವಿಕೆಟ್ ಕೈಯಲ್ಲಿತ್ತು, ಆದ್ರೂ ರಾಜಸ್ಥಾನಕ್ಕೆ ಸಿಕ್ಕಿದ್ದು ಒಂದೇ ಪಾಯಿಂಟ್. ಈ ತರ ಮ್ಯಾಚಲ್ಲಿ ಯಾರು ಗೆಲ್ತಾರೆ ಅನ್ನೋ ಮಾರ್ಕೆಟ್‌ಗೆ ಸಾಮಾನ್ಯ ನಿಯಮ ಏನಂದ್ರೆ ಎಲ್ಲ ಬೆಟ್ ವಾಯ್ಡ್, ಹಾಕಿದ ದುಡ್ಡು ವಾಪಸ್.

ರೇಟ್ ಅರ್ಥ ಆಗೋಕೆ ಇದು ಬಹಳ ಮುಖ್ಯ, ನಿಧಾನಕ್ಕೆ ಓದಿ. ಗೆರೆ ದಾಟೋ ಮುಂಚೆ ಮಳೆ ಬಂದು ಮ್ಯಾಚ್ ಹೋದ್ರೆ ನಿಮ್ಮ ದುಡ್ಡು ವಾಪಸ್ ಬರುತ್ತೆ, ಹಾಗಾಗಿ ಮ್ಯಾಚ್ ಹೋಗೋ ಚಾನ್ಸ್ ರೇಟ್ ಒಳಗೆ ಸೇರೋದೇ ಇಲ್ಲ. ರೇಟ್‌ನಲ್ಲಿ ಇರೋದು ಆಟ ನಡೆದ್ರೆ ಯಾರು ಗೆಲ್ತಾರೆ ಅನ್ನೋದು ಮಾತ್ರ. ಗೆರೆ ದಾಟಿದ ಮೇಲೆ ಮ್ಯಾಚ್ ನಿಂತ್ರೂ ರಿಸಲ್ಟ್ ಬಂದೇ ಬರುತ್ತೆ, ಆಗ ಮಳೆನೇ ರೇಟ್ ಒಳಗೆ ಬಂದು ಕೂರುತ್ತೆ. ಟಿ20 ಚೇಸ್‌ನಲ್ಲಿ ಮೋಡ ಕವಿದಾಗ ನಾಲ್ಕನೇ ಓವರ್ ಮುಗಿದು ಐದನೇದು ನಡೀತಾ ಇದ್ರೆ ಒಂದೊಂದು ರನ್‌ಗೂ ರೇಟ್ ಕುಣಿಯೋದು ಇದಕ್ಕೇ.

ಎರಡನೇ ಹೆಜ್ಜೆ: ಪಾರ್ ಅಂದ್ರೆ ಟೈ, ಗೆಲುವಲ್ಲ

ಪಾರ್ ಸ್ಕೋರ್ ಅಂದ್ರೆ ಈ ಬಾಲ್‌ಗೆ, ಇಷ್ಟು ವಿಕೆಟ್ ಬಿದ್ದಿರೋವಾಗ, ಮ್ಯಾಚ್ ಇಲ್ಲೇ ನಿಂತ್ರೆ ಎರಡೂ ಟೀಮ್ ಸಮ ಆಗೋ ಸ್ಕೋರ್. ಗೆಲ್ಲೋಕೆ ಅದಕ್ಕಿಂತ ಒಂದು ಜಾಸ್ತಿ ಬೇಕು. ಈ ಒಂದು ರನ್ ಮರೆತು ಒಂದು ವರ್ಲ್ಡ್ ಕಪ್ಪೇ ಕೈತಪ್ಪಿ ಹೋಗಿದೆ. 2003ರ ಮಾರ್ಚ್ 3, ಡರ್ಬನ್, ಸೌತ್ ಆಫ್ರಿಕಾ-ಶ್ರೀಲಂಕಾ. 45 ಓವರ್ ಕೊನೆಗೆ 229 ಅಂತ ಶೀಟಲ್ಲಿತ್ತು, ಸೌತ್ ಆಫ್ರಿಕಾದವರು ಅದನ್ನ ಗೆಲ್ಲೋ ಸ್ಕೋರ್ ಅಂದ್ಕೊಂಡ್ರು, ಮಾರ್ಕ್ ಬೌಚರ್ ಮುರಳೀಧರನ್‌ಗೆ ಸಿಕ್ಸ್ ಹೊಡೆದು 229 ಮಾಡಿ ಆಮೇಲಿನ ಬಾಲನ್ನ ಸುಮ್ನೆ ತಡೆದ. ಮಳೆಗೆ ಆಟ ನಿಂತಿತು, ಮ್ಯಾಚ್ ಟೈ, ಆತಿಥೇಯರು ಟೂರ್ನಿಯಿಂದ ಔಟ್. ಇನ್‌ಪ್ಲೇ ನೋಡೋರು ಸ್ಕ್ರೀನಲ್ಲಿ ಪಾರ್ ನಂಬರ್ ಕಂಡ ತಕ್ಷಣ ಮನಸ್ಸಲ್ಲೇ ಒಂದು ಕೂಡಿಸ್ಕೊಳ್ಳೋ ಅಭ್ಯಾಸ ಮಾಡ್ಕೊಳ್ಳಿ.

ಇನ್ನೊಂದು, ಪಾರ್ ಓವರ್‌ಗೆ ಎಷ್ಟು ಅಂಟಿಕೊಂಡಿರುತ್ತೋ ವಿಕೆಟ್‌ಗೂ ಅಷ್ಟೇ ಅಂಟಿಕೊಂಡಿರುತ್ತೆ. ಇದನ್ನ ಡಕ್‌ವರ್ತ್-ಲೂಯಿಸ್ ಅನ್ನೋ ಮಳೆ ಲೆಕ್ಕದ ಹಳೇ ಸ್ಟ್ಯಾಂಡರ್ಡ್ ಟೇಬಲ್‌ನಲ್ಲಿ ನೋಡೋದು ಸುಲಭ. ಅದರಲ್ಲಿ 50 ಓವರ್, ಹತ್ತು ವಿಕೆಟ್ ಕೈಲಿದ್ರೆ ಸಂಪನ್ಮೂಲ, ಅಂದ್ರೆ ರನ್ ಹೊಡೆಯೋಕೆ ಉಳಿದಿರೋ ಶಕ್ತಿ, 100%. 20 ಓವರ್ ಬಾಕಿ ಇದ್ದು 2 ವಿಕೆಟ್ ಬಿದ್ದಿದ್ರೆ ಉಳಿದಿರೋದು 52.4. ಅದೇ 20 ಓವರ್ ಬಾಕಿ, ಆದ್ರೆ 5 ವಿಕೆಟ್ ಬಿದ್ದಿದ್ರೆ 38.6. ಮೊದಲ ಟೀಮ್ 250 ಹೊಡೆದಿದೆ ಅಂತ ಇಟ್ಕೊಳ್ಳಿ. 2 ವಿಕೆಟ್ ಹೋಗಿದ್ರೆ ಬಳಸಿರೋದು 47.6, 250ರಲ್ಲಿ ಅಷ್ಟು ಪರ್ಸೆಂಟ್ ಅಂದ್ರೆ ಪಾರ್ 119. 5 ಹೋಗಿದ್ರೆ ಬಳಸಿರೋದು 61.4, ಪಾರ್ 153. ಒಂದೇ ಓವರ್, ಮೂರು ವಿಕೆಟ್‌ಗೆ 34 ರನ್ ವ್ಯತ್ಯಾಸ. ಈಗಿನ ಇಂಟರ್‌ನ್ಯಾಷನಲ್ ಮ್ಯಾಚ್‌ಗೆ ಬಳಸೋದು ಇದರ ಹೊಸ ರೂಪ ಡಿಎಲ್‌ಎಸ್, ಅದು ಕಂಪ್ಯೂಟರ್ ಪ್ರೋಗ್ರಾಮ್, ಅದರ ನಂಬರ್ ಈ ಟೇಬಲ್‌ಗೆ ಸರಿಯಾಗಿ ಹೊಂದಲ್ಲ, ಆದ್ರೆ ಸ್ವಭಾವ ಇದೇ. ಹಾಗಾಗಿ ಕಪ್ಪು ಮೋಡ ತಲೆ ಮೇಲೆ ಇರೋವಾಗ ವಿಕೆಟ್ ಬಿದ್ರೆ ರೇಟ್ ಮಾಮೂಲಿಗಿಂತ ಜಾಸ್ತಿ ಹಾರುತ್ತೆ, ಯಾಕಂದ್ರೆ ಬ್ಯಾಟ್ಸ್‌ಮನ್ ಹೋದ ನಷ್ಟದ ಜೊತೆ ಪಾರ್ ಕೂಡ ಆ ಕ್ಷಣಕ್ಕೇ ಮೇಲೇರಿರುತ್ತೆ. ಹತ್ತು ರನ್ ಮುಂದಿದ್ದ ಟೀಮ್ ಒಂದೇ ಬಾಲಲ್ಲಿ ಹಿಂದೆ ಬೀಳಬಹುದು, ಒಂದು ರನ್ನೂ ಕಳ್ಕೊಳ್ಳದೆ.

ಮೂರನೇ ಹೆಜ್ಜೆ: ಮಳೆ ನಡೀತಾ ಇರೋವಾಗ ಎರಡು ದಾರಿ ಕೂಡಿಸಿ

ಈಗ ಅಡಿಲೇಡ್‌ಗೆ ವಾಪಸ್. ಕವರ್ ಹಾಕಿದಾರೆ, 66/0, ಪಾರ್ 49. ಇಲ್ಲಿಂದ ಇರೋದು ಎರಡೇ ದಾರಿ. ಒಂದು, ಆಟ ಮತ್ತೆ ಶುರುವಾಗಲ್ಲ, ಬಾಂಗ್ಲಾ ಗೆಲ್ಲುತ್ತೆ, ನೂರಕ್ಕೆ ನೂರು. ಇನ್ನೊಂದು, ಆಟ ಶುರುವಾಗುತ್ತೆ, ಓವರ್ ಕಮ್ಮಿಯಾಗಿ ಹೊಸ ಟಾರ್ಗೆಟ್ ಬರುತ್ತೆ, ಆಗ ಯಾರು ಬೇಕಾದ್ರೂ ಗೆಲ್ಲಬಹುದು.

ನಂಬರ್ ಹಾಕಿ ನೋಡೋಣ. ಇವು ಲೆಕ್ಕ ತೋರಿಸೋಕೆ ನಾನು ಇಟ್ಕೊಂಡ ನಂಬರ್, ಆವತ್ತಿನ ನಿಜವಾದ ರೇಟ್ ಅಲ್ಲ. ಆಟ ಶುರುವಾಗದೇ ಇರೋ ಚಾನ್ಸ್ 40%, ಶುರುವಾದ್ರೆ ಬಾಂಗ್ಲಾ ಗೆಲ್ಲೋ ಚಾನ್ಸ್ 50% ಅಂತ ಇಟ್ಕೊಳ್ಳಿ. ಆಗ ಬಾಂಗ್ಲಾದ ಒಟ್ಟು ಚಾನ್ಸ್ 40 ಪ್ಲಸ್, ಉಳಿದ 60ರಲ್ಲಿ ಅರ್ಧ ಅಂದ್ರೆ 30, ಒಟ್ಟು 70%. ಒಂದನ್ನ 0.70ರಿಂದ ಭಾಗಿಸಿದ್ರೆ ರೇಟ್ ಸುಮಾರು 1.43, ಅಂದ್ರೆ ಒಂದು ಪೌಂಡ್ ಹಾಕಿ ಗೆದ್ರೆ ಒಟ್ಟು ಕೈಗೆ ಬರೋದು 1.43 ಪೌಂಡ್. ಹತ್ತು ನಿಮಿಷ ಆದ್ಮೇಲೆ ಮಳೆ ಸಣ್ಣಗಾಯ್ತು, ಅಂಪೈರ್‌ಗಳು ಛತ್ರಿ ಮಡಿಚಿ ಗ್ರೌಂಡ್ ಮಧ್ಯಕ್ಕೆ ನಡೆದ್ರು, ಆಟ ಶುರುವಾಗದೇ ಇರೋ ಚಾನ್ಸ್ 10%ಗೆ ಇಳೀತು. ಈಗ 10 ಪ್ಲಸ್ 45, ಒಟ್ಟು 55%, ರೇಟ್ 1.82. ಸ್ಕೋರ್‌ಬೋರ್ಡ್ ಮೇಲೆ ಏನೂ ಬದಲಾಗಿಲ್ಲ, 1.43 ಇದ್ದದ್ದು 1.82 ಆಯ್ತು. ಅಂದ್ರೆ ಮಳೆ ಹೊತ್ತಲ್ಲಿ ಮಾರ್ಕೆಟ್‌ನಲ್ಲಿ ವ್ಯಾಪಾರ ಆಗ್ತಾ ಇರೋದು ಕ್ರಿಕೆಟ್ಟಲ್ಲ, ಹವಾಮಾನ.

ಅದಕ್ಕೇ ಆ ಹೊತ್ತಲ್ಲಿ ನಾನು ನೋಡೋದು ಸ್ಕೋರಲ್ಲ. ಮಳೆಯ ರಾಡಾರ್, ಗ್ರೌಂಡ್‌ನ ಡ್ರೈನೇಜ್, ಆಟ ಶುರು ಮಾಡೋಕೆ ಇರೋ ಕೊನೇ ಟೈಮ್, ಈ ಮೂರೇ. ಚಿನ್ನಸ್ವಾಮಿಯಲ್ಲಿ ನೆಲದಡಿಯಿಂದ ನೀರನ್ನ ಎಳೆದು ಹಾಕೋ ಸಬ್‌ಏರ್ ವ್ಯವಸ್ಥೆ ಇದೆ, ಜೋರು ಮಳೆ ನಿಂತ ಮೇಲೂ ಅಲ್ಲಿ ಬೇಗ ಆಟ ಶುರುವಾಗುತ್ತೆ, ಹಾಗಾಗಿ ಅಲ್ಲಿ "ಆಟ ಇನ್ನಿಲ್ಲ" ಅನ್ನೋ ಚಾನ್ಸ್‌ಗೆ ಬೇರೆ ಗ್ರೌಂಡ್‌ಗೆ ಕೊಟ್ಟಷ್ಟು ತೂಕ ಕೊಡಬಾರದು. ಸಣ್ಣ ಕೌಂಟಿ ಗ್ರೌಂಡ್‌ಗಳಲ್ಲಿ ಬಿಸಿಲು ಬಂದು ಮುಕ್ಕಾಲು ಗಂಟೆ ಆದ್ರೂ ಬೌಂಡರಿ ಹತ್ರ ನೀರು ಪಚಪಚ ಅಂತಾ ಇರುತ್ತೆ.

ಮುಂದಿರೋ ಟೀಮ್ ಪರವಾಗಿ ಮಳೆ ಇರುತ್ತೆ, ಹಿಂದಿರೋ ಟೀಮ್‌ಗೆ ಆಟ ಬೇಕಿರುತ್ತೆ. ಪಾರ್‌ಗೂ ಸ್ಕೋರ್‌ಗೂ ಒಂದೆರಡು ರನ್ ಅಷ್ಟೇ ವ್ಯತ್ಯಾಸ ಇದ್ರೂ ಮ್ಯಾಚ್ ಅಲ್ಲಿಗೇ ನಿಂತ್ರೆ ಅದು 17 ರನ್ ಮುಂದಿದ್ದಷ್ಟೇ ಗಟ್ಟಿ.

ನಾಲ್ಕನೇ ಹೆಜ್ಜೆ: ಹೊಸ ಟಾರ್ಗೆಟ್ ಬಂದಾಗ ಮುಂದಿದ್ದ ರನ್ ಎಲ್ಲಿ ಹೋಯ್ತು

ಆವತ್ತು ತುಂಬಾ ಜನ ಬಾಂಗ್ಲಾಗೆ ಅನ್ಯಾಯ ಆಯ್ತು, 17 ರನ್ ಮುಂದಿದ್ದವರನ್ನ ಸೋಲಿಸಿದ್ರು ಅಂದ್ರು. ಲೆಕ್ಕ ಮಾಡಿ ನೋಡಿದ್ರೆ ಆ 17 ರನ್ ಎಲ್ಲೂ ಹೋಗಿಲ್ಲ.

7 ಓವರ್‌ಗೆ ಪಾರ್ 49 ಅಂದ್ರೆ, 184ರಲ್ಲಿ ಅದು ಸುಮಾರು 26.6%. ಅಷ್ಟು ಸಂಪನ್ಮೂಲ ಖರ್ಚಾಗಿದೆ ಅಂತ ಅರ್ಥ. ಹೊಸ ಟಾರ್ಗೆಟ್ 151, ಅಂದ್ರೆ ಟೈ ಸ್ಕೋರ್ 150, ಅದು 184ರಲ್ಲಿ ಸುಮಾರು 81.5%. ಎರಡರ ವ್ಯತ್ಯಾಸ 54.9%, ಅಂದ್ರೆ ಉಳಿದ 9 ಓವರ್‌ಗೆ ಲೆಕ್ಕದ ಪ್ರಕಾರ ಸಮಕ್ಕೆ ಬರಬೇಕಾದ್ದು 101 ರನ್. ಗೆಲ್ಲೋಕೆ 102. ಬಾಂಗ್ಲಾಗೆ ನಿಜವಾಗಿ ಬೇಕಿದ್ದದ್ದು 85. 102ರಿಂದ 85 ಕಳೀರಿ, 17. ಮುಂದಿದ್ದಷ್ಟೂ ಹಾಗೇ ಉಳ್ಕೊಂಡಿದೆ.

ಹಾಗಿದ್ರೆ ರೇಟ್ ಯಾಕೆ ಅವರ ವಿರುದ್ಧ ಹೋಗುತ್ತೆ? ಆಟ ಶುರುವಾದ ತಕ್ಷಣ ನೂರಕ್ಕೆ ನೂರರ ದಾರಿ ಮುಚ್ಚಿ ಹೋಯ್ತು, ಇನ್ನು 17 ರನ್ ಮುಂದಿರೋದು ಬರೀ ಒಳ್ಳೇ ಆರಂಭ, ಗೆಲುವಲ್ಲ. ಮಳೆಗೆ ಮುಂಚೆ 78 ಬಾಲ್‌ಗೆ 119 ಬೇಕಿತ್ತು, ಆಮೇಲೆ 54 ಬಾಲ್‌ಗೆ 85. ಓವರ್‌ಗೆ 9.15 ಇದ್ದದ್ದು 9.44 ಆಯ್ತು, ದೊಡ್ಡ ಬದಲಾವಣೆ ಅಲ್ಲ. ಓವರ್ 20% ಕಡಿಮೆಯಾದ್ರೂ ಟಾರ್ಗೆಟ್ 18% ಮಾತ್ರ ಇಳೀತು, ಯಾಕಂದ್ರೆ ಹತ್ತು ವಿಕೆಟ್ ಕಮ್ಮಿ ಓವರ್‌ಗೆ ಹಂಚಿಕೊಳ್ಳೋಕೆ ಸಿಗುತ್ತೆ. ಹಾಗಾಗಿ ಹೊಸ ಟಾರ್ಗೆಟ್ ಬಂದಾಗ ಹಳೇ ರೇಟ್‌ಗೆ ಹೋಲಿಸ್ತಾ ಕೂರಬೇಡಿ, 54 ಬಾಲ್, 85 ರನ್, ಹತ್ತು ವಿಕೆಟ್ ಅಂತ ಹೊಸ ಮ್ಯಾಚ್ ತರ ನೋಡಿ. ಜೊತೆಗೆ ಒದ್ದೆ ಬಾಲ್ ಹಿಡಿಯೋಕೆ ಬೌಲರ್‌ಗೆ ಕಷ್ಟ, ಒದ್ದೆ ಔಟ್‌ಫೀಲ್ಡ್‌ನಲ್ಲಿ ಓಡೋಕೆ ಬ್ಯಾಟ್ಸ್‌ಮನ್‌ಗೆ ಕಷ್ಟ, ಇವೆರಡನ್ನೂ ಡಿಎಲ್‌ಎಸ್ ಲೆಕ್ಕಕ್ಕೆ ತಗೊಳ್ಳಲ್ಲ, ನೀವು ತಗೋಬೇಕು.

ಮಳೆ ಆದ್ಮೇಲಿನ ಮೊದಲ ಓವರಲ್ಲೇ ನಮ್ಮ ಕೆ.ಎಲ್. ರಾಹುಲ್ ಡೀಪ್ ಮಿಡ್‌ವಿಕೆಟ್‌ನಿಂದ ಎಸೆದ ಥ್ರೋ ಸೀದಾ ಸ್ಟಂಪ್‌ಗೆ ಬಡೀತು, ಲಿಟನ್ 27 ಬಾಲ್‌ಗೆ 60 ಹೊಡೆದು ರನ್‌ಔಟ್. ಆ ಒಂದು ವಿಕೆಟ್‌ಗೆ ಚೇಸ್‌ನ ಅತಿ ಒಳ್ಳೇ ಬ್ಯಾಟ್ಸ್‌ಮನ್ ಹೋದ, ಪಾರ್ ಮೇಲೆ ಹೋಯ್ತು, ಮೋಡ ಇನ್ನೂ ಇತ್ತು. ಕೊನೇ ಓವರ್‌ಗೆ 20 ಬೇಕಿತ್ತು, 14 ಬಂತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಜನ ಒಬ್ಬರ ವಿರುದ್ಧ ಒಬ್ಬರು ಬೆಟ್ ಹಾಕೋ ಎಕ್ಸ್‌ಚೇಂಜ್‌ನಲ್ಲಿ ಆಡೋರು, ಎದುರು ಬೆಟ್ ಹಾಕೋರು ಸಿಗದೆ ಉಳಿದ ಆರ್ಡರ್‌ಗಳನ್ನ ಮಳೆ ಶುರುವಾದ ಕೂಡಲೇ ಕ್ಯಾನ್ಸಲ್ ಮಾಡಿ. ಒಂದು ಕೌಂಟಿ ಟಿ20ಯಲ್ಲಿ ಚೇಸ್ ಮಾಡೋ ಟೀಮ್ 1.90ರ ಹತ್ರ ನಡೀತಾ ಇತ್ತು, ನಾನು 1.80ಕ್ಕೆ 20 ಪೌಂಡ್ ಲೇ ಆರ್ಡರ್, ಅಂದ್ರೆ ಆ ಟೀಮ್ ಗೆಲ್ಲಲ್ಲ ಅನ್ನೋ ಬೆಟ್, ಇಟ್ಟು ಟೀ ಮಾಡೋಕೆ ಹೋದೆ, ಅದು ಹಾಗೇ ಲೈನಲ್ಲಿ ನಿಂತಿತ್ತು. ಮಳೆ ಬಂತು, ಓವರ್ ಕಟ್ ಆಯ್ತು, ಹತ್ತು ವಿಕೆಟ್ ಕೈಲಿದ್ದವರಿಗೆ ಚಿಕ್ಕ ಟಾರ್ಗೆಟ್ ಸಿಕ್ತು. ಗ್ರೌಂಡಲ್ಲಿ ಅನೌನ್ಸ್‌ಮೆಂಟ್ ಕೇಳಿದೋರು ನನ್ನ 1.80 ಎತ್ಕೊಂಡು ಹೋದ್ರು, ನಾನು ವಾಪಸ್ ಬರೋವಾಗ ರೇಟ್ 1.40. 16 ಪೌಂಡ್ ಹೋಯ್ತು. ಟಿವಿ, ಆ್ಯಪ್ ಎರಡೂ ಗ್ರೌಂಡ್‌ಗಿಂತ ಕೆಲವು ಸೆಕೆಂಡ್ ಹಿಂದೆ ಇರುತ್ತೆ, ಹೊಸ ಟಾರ್ಗೆಟ್ ವಿಷಯದಲ್ಲಿ ಆ ಕೆಲವು ಸೆಕೆಂಡೇ ಸಾಕು.

ಐದನೇ ಹೆಜ್ಜೆ: ಒಂದೊಂದು ಮಾರ್ಕೆಟ್ ಒಂದೊಂದು ತರ ಸೆಟಲ್ ಆಗುತ್ತೆ

ಜಾಸ್ತಿ ಜಗಳ ನಡೆಯೋದು ಇಲ್ಲೇ. ಮ್ಯಾಚ್ ವಿನ್ನರ್ ಸುಲಭ, ಅಧಿಕೃತ ರಿಸಲ್ಟ್ ಏನಿದೆಯೋ ಅದು, ಡಿಎಲ್‌ಎಸ್‌ನಿಂದ ಬಂದ ಗೆಲುವೂ ಗೆಲುವೇ. 20 ಓವರ್ ಮ್ಯಾಚ್ ಅಂತ ಹಾಕಿದ ಬೆಟ್ 16 ಓವರ್‌ಗೆ ಇಳಿದ್ರೂ ನಿಂತೇ ಇರುತ್ತೆ, "ಓವರ್ ಕಮ್ಮಿ ಆಯ್ತು, ವಾಪಸ್ ಕೊಡಿ" ಅಂದ್ರೆ ಯಾರೂ ಕೊಡಲ್ಲ.

ಟೋಟಲ್ ರನ್ ಮಾರ್ಕೆಟ್ ಹಾಗಲ್ಲ. 2025ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ-ಪಂಜಾಬ್ ಮ್ಯಾಚ್ ಮಳೆಯಿಂದ 14 ಓವರ್‌ಗೆ ಇಳೀತು, ಆರ್‌ಸಿಬಿ 95/9. ಶುರುವಾಗೋ ಮುಂಚೆಯೇ ಇಬ್ಬರಿಗೂ 14 ಓವರ್ ಅಂತ ಆಗಿದ್ರಿಂದ ಡಿಎಲ್‌ಎಸ್ ಬೇಕಾಗಲೇ ಇಲ್ಲ, ಪಂಜಾಬ್ ಟಾರ್ಗೆಟ್ 96, ಅದನ್ನ ಹೊಡೆದು ಗೆದ್ರು. ಈಗ ಬೆಳಗ್ಗೆಯೇ ಯಾರೋ "ಆರ್‌ಸಿಬಿ 170ಕ್ಕಿಂತ ಕಮ್ಮಿ" ಅಂತ ಹಾಕಿದ್ರು ಅಂತ ಅಂದ್ಕೊಳ್ಳಿ. ಅವರಿಗೆ ದುಡ್ಡು ಕೊಟ್ರೆ ಮಳೆಗೆ ಕೊಟ್ಟ ಹಾಗೆ, ಬುದ್ಧಿಗಲ್ಲ. ಅದಕ್ಕೇ ಓವರ್ ಕಡಿತ ಆದ್ರೆ ಕಡಿತಕ್ಕೆ ಮುಂಚೆ ಹಾಕಿದ ಟೋಟಲ್ ಬೆಟ್ ವಾಯ್ಡ್ ಅಂತ ನಿಯಮ ಬರೆದಿರ್ತಾರೆ, ಆದ್ರೆ ಎಷ್ಟು ಓವರ್ ಕಡಿತಕ್ಕೆ ವಾಯ್ಡ್ ಅನ್ನೋದು ಒಂದೊಂದು ಕಡೆ ಒಂದೊಂದು ತರ. ಹೆಚ್ಚಿನ ಕಡೆ ಇನ್ನೊಂದು ಸಾಲೂ ಇರುತ್ತೆ, ಮಳೆಗೆ ಮುಂಚೆಯೇ ಬೆಟ್‌ನ ಫಲಿತಾಂಶ ಖಚಿತ ಆಗಿದ್ರೆ ಅದು ನಿಲ್ಲುತ್ತೆ. 150ಕ್ಕಿಂತ ಜಾಸ್ತಿ ಅಂತ ಹಾಕಿ, ಟೀಮ್ 17ನೇ ಓವರಲ್ಲಿ 151 ದಾಟಿದ ಮೇಲೆ ಮಳೆ ಬಂದ್ರೆ ಗೆದ್ದ ಹಾಗೇ, ಆದ್ರೆ ಅದೇ ಹೊತ್ತಲ್ಲಿ ಕಮ್ಮಿ ಅಂತ ಹಾಕಿ ಟೀಮ್ 110ರಲ್ಲಿ ನಿಂತಿದ್ರೆ ಸಾಮಾನ್ಯವಾಗಿ ವಾಯ್ಡ್, ಗೆಲುವಲ್ಲ. ಕಮ್ಮಿ ಅನ್ನೋದು ಇನಿಂಗ್ಸ್ ಮುಗಿಯೋ ತನಕ ಖಚಿತ ಆಗೋದೇ ಇಲ್ಲ ನೋಡಿ.

ಟಾಪ್ ಬ್ಯಾಟ್ಸ್‌ಮನ್ ಮಾರ್ಕೆಟ್‌ಗೆ ಕನಿಷ್ಠ ಓವರ್ ನಿಯಮ ಬೇರೆಯೇ ಇರುತ್ತೆ, ಮ್ಯಾಚ್ ನೋ ರಿಸಲ್ಟ್ ಆದ್ರೂ ಆ ಬೆಟ್ ಸೆಟಲ್ ಆಗಿರೋದನ್ನ ನೋಡಿದೀನಿ. ಬೆಟ್ ಹಾಕೋ ಮುಂಚೆ ನಿಯಮದ ಪುಟದಲ್ಲಿ ಕ್ರಿಕೆಟ್ ಭಾಗ ತೆಗೆದು "ಓವರ್ ಕಡಿತ" ಮತ್ತು "ಕನಿಷ್ಠ ಓವರ್" ಅನ್ನೋ ಎರಡು ಸಾಲು ಹುಡುಕಿ, ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಳ್ಳಿ.

ಕೊನೇದಾಗಿ, ಒಂದೇ ಮ್ಯಾಚಿನ ಎರಡು ಮಾರ್ಕೆಟ್ ಬೇರೆ ಬೇರೆ ದಿಕ್ಕಿಗೆ ಎಳೆಯೋ ಕೇಸ್. 2023ರ ಐಪಿಎಲ್ ಫೈನಲ್, ಅಹಮದಾಬಾದ್, ಮೊದಲ ದಿನ ಮಳೆಗೆ ಹೋಗಿ ರಿಸರ್ವ್ ಡೇಯಲ್ಲಿ ನಡೀತು. ಗುಜರಾತ್ 214/4, ಚೆನ್ನೈ ಚೇಸ್ ಶುರು ಮಾಡಿ ಮೂರೇ ಬಾಲ್, 4/0, ಮಳೆ. 5 ಓವರ್ ಗೆರೆ ದಾಟಿಲ್ಲ, ಹಾಗಾಗಿ ಆಟ ಮತ್ತೆ ಶುರುವಾಗದೇ ಹೋಗಿದ್ರೆ ಮ್ಯಾಚ್ ನೋ ರಿಸಲ್ಟ್. ಆದ್ರೆ ಟ್ರೋಫಿ ಲೀಗ್ ಟೇಬಲ್‌ನಲ್ಲಿ ಮೇಲಿದ್ದ ಗುಜರಾತ್‌ಗೆ ಹೋಗ್ತಿತ್ತು. ಈಗ ಮೂರನೇ ಹೆಜ್ಜೆಯ ಲೆಕ್ಕವನ್ನೇ ಹಾಕಿ. ಆಟ ಇಲ್ಲದಿರೋ ಚಾನ್ಸ್ 40%, ಆಟ ನಡೆದ್ರೆ ಇಬ್ಬರಿಗೂ ಅರ್ಧರ್ಧ ಅಂತ ಇಟ್ಕೊಳ್ಳಿ. ಮ್ಯಾಚ್ ವಿನ್ನರ್ ಮಾರ್ಕೆಟ್‌ನಲ್ಲಿ ಮಳೆ ದಾರಿ ವಾಯ್ಡ್, ಗುಜರಾತ್ ರೇಟ್ 2.00. ಟೂರ್ನಿ ವಿನ್ನರ್ ಮಾರ್ಕೆಟ್‌ನಲ್ಲಿ ಮಳೆ ದಾರಿಯೂ ಗುಜರಾತ್‌ದೇ, ಒಟ್ಟು 70%, ರೇಟ್ 1.43. ಅದೇ ಎರಡು ಟೀಮ್, ಅದೇ ಕ್ಷಣ. ಎರಡೂ ಮಾರ್ಕೆಟ್‌ನಲ್ಲಿ ಒಂದೇ ರೇಟ್ ಇರಬೇಕು ಅಂದ್ಕೊಂಡು ಬೆಟ್ ಹಾಕಿದವರು ಮಳೆಯ ಅರ್ಧ ಲೆಕ್ಕವನ್ನೇ ಬಿಟ್ಟಿರ್ತಾರೆ.

ಮಧ್ಯರಾತ್ರಿ ದಾಟಿದ ಮೇಲೆ ಗ್ರೌಂಡ್ ಒಣಗಿತು, 15 ಓವರ್‌ಗೆ 171 ಅಂತ ಟಾರ್ಗೆಟ್ ಬಂತು, ಕೊನೇ ಎರಡು ಬಾಲ್‌ಗೆ 10 ಬೇಕಿದ್ದಾಗ ಜಡೇಜ ಸಿಕ್ಸ್, ಫೋರ್ ಹೊಡೆದ. ಎರಡೂ ಮಾರ್ಕೆಟ್ ಚೆನ್ನೈ ಹೆಸರಿಗೆ ಸೆಟಲ್ ಆಗಬೇಕಾದ ರಿಸಲ್ಟ್ ಅದು.